ಎಣ್ಣೆಯ ಪ್ಯಾಕೆಟ್ಟೋ, ಕ್ಯಾನೋ, ಟಿನ್ನೋ: ಕೆ.ಜಿ.ಗೆ ಬೀಳುವ ಬೆಲೆ ನೋಡಿ ಆರಿಸುವ ಬಗೆ

ಅಡುಗೆ ಎಣ್ಣೆಯನ್ನು ಯಾವ ಅಳತೆಯಲ್ಲಿ ಕೊಂಡರೆ ನಿಜವಾಗಿ ಅಗ್ಗ ಎಂದು ಓದುಗರು ಆಗಾಗ ಕೇಳುತ್ತಾರೆ. ಒಂದೇ ಕಂಪನಿಯ ಒಂದೇ ಸೂರ್ಯಕಾಂತಿ ಎಣ್ಣೆ ಅಂಗಡಿಯಲ್ಲಿ ಒಂದು ಲೀಟರಿನ ಪ್ಯಾಕೆಟ್ಟಿನಲ್ಲಿ, ನೋಡಲು ಅದರಂತೆಯೇ ಇರುವ 850 ಗ್ರಾಂ ಪ್ಯಾಕೆಟ್ಟಿನಲ್ಲಿ, ಐದು ಲೀಟರಿನ ಕ್ಯಾನಿನಲ್ಲಿ ಮತ್ತು ಹದಿನೈದರ ಟಿನ್ನಿನಲ್ಲಿ ಸಿಗುತ್ತದೆ. ಬೆಲೆಯ ಜೊತೆಗೆ ಅಳತೆಯೂ ಬದಲಾಗುವುದರಿಂದ ಯಾವುದು ಲಾಭ ಎಂಬುದು ಮೇಲ್ನೋಟಕ್ಕೆ ತಿಳಿಯುವುದಿಲ್ಲ. ಬೇಳೆ, ಸಾಬೂನು, ಚಹಾಪುಡಿಗಳಿಗೂ ಇದೇ ಪ್ರಶ್ನೆ ಇದ್ದರೂ, ಇಲ್ಲಿ ಎಣ್ಣೆಯೊಂದನ್ನೇ ಹಿಡಿದು ನೋಡುತ್ತೇನೆ. ಲೀಟರಿನಲ್ಲೂ ಕೆ.ಜಿ.ಯಲ್ಲೂ ಮಾರಾಟವಾಗುವ ವಸ್ತುವಾದ್ದರಿಂದ ಹೋಲಿಕೆಯಲ್ಲಿ ಎಡವುವ ಜಾಗಗಳೆಲ್ಲ ಇದೊಂದರಲ್ಲೇ ಸಿಗುತ್ತವೆ.

ಹೋಲಿಸುವ ಮೊದಲು ನಾಲ್ಕು ವಿಷಯಗಳನ್ನು ಸರಿಪಡಿಸಿಕೊಳ್ಳಬೇಕು. ಮೊದಲನೆಯದು, ಹೋಲಿಸುವ ವಸ್ತು ಒಂದೇ ಆಗಿರಬೇಕು. ಗಾಣದ ಕಡಲೆಕಾಯಿ ಎಣ್ಣೆಯ ಬೆಲೆಯನ್ನು ರಿಫೈನ್ಡ್ ಸೂರ್ಯಕಾಂತಿ ಎಣ್ಣೆಯ ಬೆಲೆಯ ಪಕ್ಕದಲ್ಲಿಟ್ಟು ಅಗ್ಗ ತುಟ್ಟಿ ಹೇಳುವುದರಲ್ಲಿ ಅರ್ಥವಿಲ್ಲ; ಅದು ರುಚಿಯ ಮತ್ತು ಬಳಕೆಯ ಪ್ರಶ್ನೆ. ಎರಡನೆಯದು, ಎಲ್ಲವನ್ನೂ ಒಂದೇ ಮಾನಕ್ಕೆ ತರಬೇಕು. ಮೂರನೆಯದು, ಲೆಕ್ಕಕ್ಕೆ ಹಿಡಿಯಬೇಕಾದದ್ದು ಪೊಟ್ಟಣದ ಮೇಲೆ ಮುದ್ರಿತವಾದ ಎಂ.ಆರ್.ಪಿ.ಯನ್ನಲ್ಲ, ನಾವು ಗಲ್ಲಾದಲ್ಲಿ ಕೊಡುವ ದುಡ್ಡನ್ನು. ನಾಲ್ಕನೆಯದು, ಕೊಂಡದ್ದರಲ್ಲಿ ಎಷ್ಟು ಬಾಣಲೆಗೆ ಬೀಳುತ್ತದೆ ಎಂಬುದು. ಕೊನೆಗೆ ನಿರ್ಧಾರವನ್ನು ಬದಲಿಸುವುದು ಬಹಳ ಸಲ ಈ ನಾಲ್ಕನೆಯದೇ.

ಮಾನದ ವಿಷಯಕ್ಕೆ ಬರೋಣ. ಎಣ್ಣೆ ನೀರಿಗಿಂತ ಹಗುರವಾದ್ದರಿಂದ ಒಂದು ಲೀಟರ್ ಎಣ್ಣೆ ಒಂದು ಕೆ.ಜಿ. ತೂಗುವುದಿಲ್ಲ, ನಮ್ಮ ಅಂಗಡಿಗಳಲ್ಲಿ ಸಿಗುವ ಲೀಟರಿನ ಪ್ಯಾಕೆಟ್ಟುಗಳ ಮೇಲೆ ಸಾಮಾನ್ಯವಾಗಿ 910 ಗ್ರಾಂ ಎಂದು ಬರೆದಿರುತ್ತದೆ. ಅಲ್ಲದೆ ಎಣ್ಣೆ ಬಿಸಿಯಾದರೆ ಹಿಗ್ಗುತ್ತದೆ. ಕೆಲವು ತಯಾರಕರು ಹೆಚ್ಚಿನ ಉಷ್ಣಾಂಶದಲ್ಲಿ ಅಳೆದ ಲೀಟರನ್ನು ಪೊಟ್ಟಣದ ಮೇಲೆ ನಮೂದಿಸುತ್ತಿದ್ದರು. ಸೋಯಾ ಎಣ್ಣೆಯ ಒಂದು ಲೀಟರ್ 21 ಡಿಗ್ರಿ ಸೆಲ್ಸಿಯಸ್‌ನಲ್ಲಿ 919 ಗ್ರಾಂ ತೂಗಿದರೆ 60 ಡಿಗ್ರಿಯಲ್ಲಿ 892.6 ಗ್ರಾಂ ಮಾತ್ರ ತೂಗುತ್ತದೆ. ಆದ್ದರಿಂದಲೇ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಆಗಸ್ಟ್‌ನಲ್ಲಿ, ಉಷ್ಣಾಂಶದ ಉಲ್ಲೇಖವನ್ನು ಕೈಬಿಟ್ಟು ಪ್ರಮಾಣದ ಜೊತೆಗೆ ತೂಕವನ್ನೂ ಸರಿಯಾಗಿ ನಮೂದಿಸುವಂತೆ ಎಣ್ಣೆ ತಯಾರಕರಿಗೆ ಸೂಚಿಸಿತು. ಲೀಟರ್ ಹಿಗ್ಗಬಹುದು, ತೂಕ ಹಿಗ್ಗುವುದಿಲ್ಲ. ಹಾಗಾಗಿ ಎಣ್ಣೆಯ ಮಟ್ಟಿಗೆ ಎಲ್ಲವನ್ನೂ ಕೆ.ಜಿ.ಗೆ ಇಳಿಸಿ ನೋಡುವುದೇ ಭದ್ರವಾದ ದಾರಿ.

ಇನ್ನು ಪೊಟ್ಟಣದ ಮೇಲೇ ಮುದ್ರಿತವಾಗಿರುವ ಏಕಮಾನ ಬೆಲೆ, ಅಂದರೆ ಯು.ಎಸ್.ಪಿ. ಎಂಬ ಸಾಲು. ಹಿಂದೆ ಅಡುಗೆ ಎಣ್ಣೆ, ಚಹಾ, ಬಿಸ್ಕತ್ತಿನಂಥ ಹಲವು ವಸ್ತುಗಳನ್ನು ಇಂತಿಂಥ ಅಳತೆಗಳಲ್ಲೇ ಕಟ್ಟಬೇಕೆಂಬ ಪಟ್ಟಿಯೊಂದು 2011ರ ಪೊಟ್ಟಣ ಸರಕುಗಳ ನಿಯಮಗಳಲ್ಲಿ ಇತ್ತು. 2021ರ ನವೆಂಬರಿನ ತಿದ್ದುಪಡಿ ಆ ಪಟ್ಟಿಯನ್ನು ತೆಗೆದುಹಾಕಿ, ಅದರ ಬದಲಿಗೆ ಏಕಮಾನ ಬೆಲೆಯನ್ನು ಮುದ್ರಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿತು. 850 ಗ್ರಾಂ, 750 ಗ್ರಾಂಗಳಂಥ ಅಳತೆಗಳಿಗೆ ದಾರಿಯಾದದ್ದೂ, ಹೋಲಿಕೆಗೆ ಒಂದು ಆಧಾರ ಸಿಕ್ಕಿದ್ದೂ ಒಂದೇ ತಿದ್ದುಪಡಿಯಿಂದ.

ಈ ಸಾಲು ಬಹಳ ಉಪಯುಕ್ತವಾದರೂ ಅದನ್ನು ಓದುವಾಗ ಮೂರು ಎಚ್ಚರಗಳು ಬೇಕು. ಒಂದು ಕೆ.ಜಿ.ಗಿಂತ ಕಡಿಮೆ ಇರುವ ಪೊಟ್ಟಣಕ್ಕೆ ಬೆಲೆಯನ್ನು ಗ್ರಾಂ ಲೆಕ್ಕದಲ್ಲೂ ಅದಕ್ಕಿಂತ ಹೆಚ್ಚಿನದಕ್ಕೆ ಕೆ.ಜಿ. ಲೆಕ್ಕದಲ್ಲೂ ಕೊಡುತ್ತಾರೆ, ಲೀಟರಿಗೂ ಮಿಲಿಲೀಟರಿಗೂ ಇದೇ ಕ್ರಮ. ಹೀಗಾಗಿ ಒಂದರ ಮೇಲೆ 0.19 ರೂಪಾಯಿ ಎಂದೂ ಇನ್ನೊಂದರ ಮೇಲೆ 186 ರೂಪಾಯಿ ಎಂದೂ ಇರುತ್ತದೆ. ಗ್ರಾಂ ಬೆಲೆಯನ್ನು ಸಾವಿರದಿಂದ ಗುಣಿಸಿದರೆ ಎರಡೂ ಒಂದೇ ಮಾನಕ್ಕೆ ಬರುತ್ತವೆ. ಆದರೆ ಅಲ್ಲೇ ಎರಡನೆಯ ತೊಡಕು ಇದೆ. ಮುದ್ರಿತ ಬೆಲೆಯನ್ನು ಪೈಸೆಗೆ, ಅಂದರೆ ಎರಡು ದಶಾಂಶಕ್ಕೆ ದುಂಡಾಗಿಸಿರುತ್ತಾರೆ. 850 ಗ್ರಾಂ ಪ್ಯಾಕೆಟ್ಟಿನ ಎಂ.ಆರ್.ಪಿ. 165 ರೂಪಾಯಿ ಇದ್ದರೆ ಗ್ರಾಂಗೆ 0.1941 ರೂಪಾಯಿ ಬೀಳುತ್ತದೆ, ಮುದ್ರಿಸುವುದು 0.19 ಎಂದು. ಅದನ್ನು ಸಾವಿರದಿಂದ ಗುಣಿಸಿದಾಗ ಕೆ.ಜಿ.ಗೆ 190 ರೂಪಾಯಿ ಎಂದು ತೋರುತ್ತದೆ, ನಿಜವಾದ ಬೆಲೆ 194. ಕೆ.ಜಿ.ಗೆ 185 ರೂಪಾಯಿ ಬೀಳುವ ಎಣ್ಣೆಗೂ 194 ರೂಪಾಯಿ ಬೀಳುವ ಎಣ್ಣೆಗೂ ಗ್ರಾಂ ಲೆಕ್ಕದಲ್ಲಿ ಅದೇ 0.19 ಬರುವುದರಿಂದ, ಒಂದೇ ಅಂಕಿ ಕಂಡಿತೆಂದು ಎರಡೂ ಸಮ ಎಂದುಕೊಳ್ಳಬಾರದು. ಮೂರನೆಯದು, ಈ ಬೆಲೆಯನ್ನು ಎಂ.ಆರ್.ಪಿ.ಯಿಂದ ಲೆಕ್ಕಹಾಕಿರುತ್ತಾರೆ. ಎಣ್ಣೆಯನ್ನು ಎಂ.ಆರ್.ಪಿ.ಗೆ ಮಾರುವ ಅಂಗಡಿ ಕಡಿಮೆ. ಒಂದೊಂದು ಅಳತೆಗೆ ಒಂದೊಂದು ರಿಯಾಯಿತಿ ಇರುತ್ತದೆ. ಆದ್ದರಿಂದ ಮುದ್ರಿತ ಸಾಲು ಮೊದಲ ಅಂದಾಜಿಗೆ ಸಾಕು, ಆಯ್ಕೆಗೆ ಸಾಲದು.

ಈಗ ಒಂದು ಲೆಕ್ಕವನ್ನು ಪೂರ್ತಿಯಾಗಿ ಮಾಡಿ ನೋಡೋಣ. ಇಲ್ಲಿನ ಬೆಲೆಗಳನ್ನು ಲೆಕ್ಕ ತೋರಿಸಲೆಂದು ಹಿಡಿದಿದ್ದೇನೆ. ನಿಮ್ಮ ಅಂಗಡಿಯ ಬೆಲೆಗಳನ್ನು ಅವುಗಳ ಜಾಗದಲ್ಲಿಟ್ಟುಕೊಳ್ಳಿ. ಎಲ್ಲವೂ ಒಂದೇ ಕಂಪನಿಯ ಸೂರ್ಯಕಾಂತಿ ಎಣ್ಣೆ, ಬೆಲೆ ಗಲ್ಲಾದಲ್ಲಿ ಕೊಡುವಂಥದ್ದು.

| ಅಳತೆ | ತೂಕ | ಕೊಡುವ ಬೆಲೆ (ರೂ.) | ಕೆ.ಜಿ.ಗೆ (ರೂ.) |
|---|---|---|---|
| 1 ಲೀಟರ್ ಪ್ಯಾಕೆಟ್ | 910 ಗ್ರಾಂ | 152 | 167.0 |
| 850 ಗ್ರಾಂ ಪ್ಯಾಕೆಟ್ | 850 ಗ್ರಾಂ | 144 | 169.4 |
| 5 ಲೀಟರ್ ಕ್ಯಾನ್ | 4.55 ಕೆ.ಜಿ. | 745 | 163.7 |
| 15 ಲೀಟರ್ ಟಿನ್ | 13.65 ಕೆ.ಜಿ. | 2,250 | 164.8 |
| 15 ಕೆ.ಜಿ. ಟಿನ್ | 15 ಕೆ.ಜಿ. | 2,400 | 160.0 |

ಮೊದಲ ಎರಡು ಸಾಲುಗಳನ್ನು ನೋಡಿ. 850 ಗ್ರಾಂ ಪ್ಯಾಕೆಟ್ 8 ರೂಪಾಯಿ ಕಡಿಮೆ, ಆಕಾರ ಒಂದೇ, ಬಣ್ಣ ಒಂದೇ. ಒಮ್ಮೆ ನಾನೇ ಇಂಥದ್ದನ್ನು ಲೀಟರಿನದೆಂದೇ ಭಾವಿಸಿ ಮೂರು ತಂದಿದ್ದೆ. ಡಬ್ಬಿಗೆ ಸುರಿದಾಗ ಪ್ರತಿ ತಿಂಗಳು ತುಂಬುತ್ತಿದ್ದ ಮಟ್ಟಕ್ಕೆ ಎಣ್ಣೆ ಬಾರದಿದ್ದುದರಿಂದ ಗೊತ್ತಾಯಿತು. ಅಂಗಡಿಯಲ್ಲಿ ನಿಂತೇ ಇದನ್ನು ಪತ್ತೆಮಾಡಲು ಭಾಗಾಕಾರ ಬೇಕಿಲ್ಲ. ದೊಡ್ಡದರಲ್ಲಿ ಹೆಚ್ಚಾಗಿ ಸಿಗುವುದು ಎಷ್ಟು, ಅದಕ್ಕೆ ಹೆಚ್ಚಾಗಿ ಕೊಡುವುದು ಎಷ್ಟು ಎಂದು ಕೇಳಿಕೊಂಡರೆ ಸಾಕು. ಇಲ್ಲಿ 60 ಗ್ರಾಂ ಹೆಚ್ಚು, ಅದಕ್ಕೆ 8 ರೂಪಾಯಿ ಹೆಚ್ಚು. ಕೆ.ಜಿ.ಗೆ 169 ರೂಪಾಯಿ ಬೀಳುವ ಎಣ್ಣೆಯಲ್ಲಿ 60 ಗ್ರಾಂ ಅಂದರೆ ಸುಮಾರು 10 ರೂಪಾಯಿಯದು. ಹತ್ತರ ಸರಕು ಎಂಟಕ್ಕೆ ಸಿಗುತ್ತಿರುವಾಗ ದೊಡ್ಡ ಪ್ಯಾಕೆಟ್ಟೇ ಅಗ್ಗ. ಹೆಚ್ಚುವರಿ ಭಾಗಕ್ಕೆ ಬೀಳುವ ದರ ಚಿಕ್ಕ ಪ್ಯಾಕೆಟ್ಟಿನ ದರಕ್ಕಿಂತ ಕಡಿಮೆ ಇದ್ದರೆ ದೊಡ್ಡದು ಲಾಭ, ಹೆಚ್ಚಿದ್ದರೆ ಚಿಕ್ಕದು ಲಾಭ. ಅಳತೆಗಳು ಎಷ್ಟೇ ವಿಚಿತ್ರವಾಗಿರಲಿ, ಈ ಪರೀಕ್ಷೆ ನಡೆಯುತ್ತದೆ.

ಹದಿನೈದರ ಟಿನ್ನುಗಳಿಗೂ ಇದನ್ನೇ ಅನ್ವಯಿಸಿ. ಸಗಟು ಅಂಗಡಿಯಲ್ಲಿ ‘ಹದಿನೈದರ ಟಿನ್’ ಎಂದು ಕೇಳಿದರೆ 15 ಲೀಟರಿನದೂ ಬರಬಹುದು, 15 ಕೆ.ಜಿ.ಯದೂ ಬರಬಹುದು, ಎರಡೂ ನೋಡಲು ಹೆಚ್ಚುಕಡಿಮೆ ಒಂದೇ ಬಗೆ. ಲೀಟರಿನದು 150 ರೂಪಾಯಿ ಕಡಿಮೆ ಎಂದು ಅದನ್ನೇ ಹೊತ್ತುತಂದರೆ 1.35 ಕೆ.ಜಿ. ಎಣ್ಣೆಯನ್ನು ಅಂಗಡಿಯಲ್ಲೇ ಬಿಟ್ಟುಬಂದಂತೆ. ಆ 1.35 ಕೆ.ಜಿ.ಯ ಬೆಲೆ 200 ರೂಪಾಯಿಗೂ ಮೇಲೆ. ಟಿನ್ ಕೊಳ್ಳುವವರು ಅಂಕಿಯ ಪಕ್ಕದಲ್ಲಿರುವ ಅಕ್ಷರವನ್ನು ಓದದೆ ದುಡ್ಡು ಕೊಡಬಾರದು.

ಕ್ಯಾನಿನ ವಿಷಯದಲ್ಲಿ ದಾರಿತಪ್ಪಿಸುವುದು ರಿಯಾಯಿತಿಯ ಫಲಕ. ಕ್ಯಾನಿನ ಎಂ.ಆರ್.ಪಿ. 930 ಎಂದಿಟ್ಟುಕೊಳ್ಳಿ, 745ಕ್ಕೆ ಮಾರುವಾಗ ‘185 ರೂಪಾಯಿ ಉಳಿತಾಯ’ ಎಂದು ಬರೆದಿರುತ್ತಾರೆ. ಪ್ಯಾಕೆಟ್ಟಿನ ಎಂ.ಆರ್.ಪಿ. 175, ಮಾರುವುದು 152ಕ್ಕೆ, ಉಳಿತಾಯ 23 ಎಂದು ಕಾಣುತ್ತದೆ. ಆದರೆ ನಮ್ಮ ಮುಂದಿರುವ ನಿಜವಾದ ಪ್ರಶ್ನೆ ಐದು ಲೀಟರ್ ಎಣ್ಣೆಯನ್ನು ಎರಡರಲ್ಲಿ ಯಾವ ರೂಪದಲ್ಲಿ ಒಯ್ಯಬೇಕೆಂಬುದು. ಐದು ಪ್ಯಾಕೆಟ್ಟಿಗೆ 760, ಕ್ಯಾನಿಗೆ 745. ವ್ಯತ್ಯಾಸ ಇಷ್ಟೆಲ್ಲ ಆಗಿ 15 ರೂಪಾಯಿ. ಕೆಲವು ವಾರ ಪ್ಯಾಕೆಟ್ಟಿನ ಮೇಲೆ ರಿಯಾಯಿತಿ ಏರಿ ಈ ಲೆಕ್ಕ ತಿರುವುಮುರುವಾಗುವುದನ್ನೂ ಕಂಡಿದ್ದೇನೆ. ದೊಡ್ಡದು ಯಾವಾಗಲೂ ಅಗ್ಗ ಎಂಬ ನಂಬಿಕೆಯನ್ನು ಹೊತ್ತು ಅಂಗಡಿಗೆ ಹೋಗಬಾರದು. ಶಾಂಪೂವಿನ ಒಂದೆರಡು ರೂಪಾಯಿಯ ಸ್ಯಾಚೆಗಳು ಅದೇ ಶಾಂಪೂವಿನ ಬಾಟಲಿಗಿಂತ ಮಿಲಿಲೀಟರ್ ಲೆಕ್ಕದಲ್ಲಿ ಅಗ್ಗವಾಗಿರುವುದುಂಟು.

‘20 ಶೇಕಡಾ ಹೆಚ್ಚು’ ಎಂಬ ಪೊಟ್ಟಣದ ಬಗ್ಗೆ ಒಂದು ಮಾತು. ಸಾವಿರ ಗ್ರಾಂ ಬೆಲೆಗೆ 1,200 ಗ್ರಾಂ ಸಿಕ್ಕರೆ ಬೆಲೆ ಇಳಿದದ್ದು ಶೇ. 20 ಅಲ್ಲ, ಶೇ. 16.7. ಪಕ್ಕದಲ್ಲಿ ಇನ್ನೊಂದು ಕಂಪನಿಯದು ‘ಶೇ. 20 ರಿಯಾಯಿತಿ’ ಎಂದಿದ್ದರೆ, ಮೂಲಬೆಲೆ ಒಂದೇ ಇರುವಾಗ, ಎರಡನೆಯದೇ ಮೇಲು.

ಇಲ್ಲಿಯವರೆಗೆ ನೋಡಿದ್ದು ಅಂಗಡಿಯ ಲೆಕ್ಕ. ಮನೆಯ ಲೆಕ್ಕ ಇನ್ನು ಶುರುವಾಗಬೇಕು. ನಾಲ್ಕು ಜನರ ಒಂದು ಮನೆಯಲ್ಲಿ ತಿಂಗಳಿಗೆ ಎರಡೂವರೆ ಲೀಟರ್ ಎಣ್ಣೆ ಖರ್ಚಾಗುತ್ತದೆ ಎಂದಿಟ್ಟುಕೊಳ್ಳೋಣ. ತೂಕದಲ್ಲಿ ಅದು 2.275 ಕೆ.ಜಿ. ಕ್ಯಾನ್ ಅವರಿಗೆ ಎರಡು ತಿಂಗಳು ಬರುತ್ತದೆ. 15 ಕೆ.ಜಿ. ಟಿನ್ ಆರೂವರೆ ತಿಂಗಳು ಬರುತ್ತದೆ. ಪ್ಯಾಕೆಟ್ಟಿಗೆ ಹೋಲಿಸಿದರೆ ಟಿನ್ನಿನಲ್ಲಿ ಕೆ.ಜಿ.ಗೆ 7 ರೂಪಾಯಿಯಂತೆ ಒಟ್ಟು 105 ರೂಪಾಯಿ ಉಳಿಯುತ್ತದೆ, ಅಂದರೆ ತಿಂಗಳಿಗೆ 16 ರೂಪಾಯಿ. ಆ ಉಳಿತಾಯಕ್ಕಾಗಿ 2,400 ರೂಪಾಯಿಯನ್ನು ಮೊದಲೇ ಕೊಟ್ಟು, ಅರ್ಧ ವರ್ಷ ಎಣ್ಣೆಯನ್ನು ಕಾಪಾಡಬೇಕು.

ಕಾಪಾಡುವುದು ಸುಲಭವಲ್ಲ. ಗಾಳಿ, ಬೆಳಕು, ಬಿಸಿ ಮೂರೂ ಎಣ್ಣೆಯನ್ನು ಕೆಡಿಸುತ್ತವೆ. ಸೂರ್ಯಕಾಂತಿ ಎಣ್ಣೆಯ ಕೊಬ್ಬಿನಂಶದಲ್ಲಿ ಗಾಳಿಯ ಆಮ್ಲಜನಕದೊಂದಿಗೆ ಬೇಗ ಕೂಡಿಕೊಳ್ಳುವ ಬಗೆಯದೇ ಹೆಚ್ಚಿರುವುದರಿಂದ ಅದು ತೆಂಗಿನೆಣ್ಣೆಗಿಂತ ಬೇಗ ಕಮಟುತ್ತದೆ. ಪೊಟ್ಟಣದ ಮೇಲಿನ ಬಳಕೆಯ ಅವಧಿ ಮುಚ್ಚಿದ ಪೊಟ್ಟಣಕ್ಕೆ ಹೇಳಿದ್ದು, ತೂತು ಮಾಡಿದ ಟಿನ್ನಿಗಲ್ಲ. ಕಮಟಿದ ಎಣ್ಣೆಯನ್ನು ಮೂಗು ಮೊದಲು ಗುರುತಿಸುತ್ತದೆ: ಹಳೆಯ ಕೊಬ್ಬರಿಯ ವಾಸನೆ, ನಾಲಿಗೆಯ ಮೇಲೆ ಒಂದು ಹನಿ ಹಾಕಿಕೊಂಡರೆ ಗಂಟಲು ಕೆರೆದಂಥ ಕಹಿ. ಹಳೆಯ ಎಣ್ಣೆ ಅಂಟಿದ ಡಬ್ಬಿಯನ್ನು ತೊಳೆಯದೆ ಅದರ ಮೇಲೇ ಹೊಸದನ್ನು ಸುರಿದರೆ ಹೊಸದೂ ಬೇಗ ಕೆಡುತ್ತದೆ.

ಎಷ್ಟು ಎಣ್ಣೆ ಹಾಳಾದರೆ ದೊಡ್ಡ ಅಳತೆಯ ಲಾಭ ಕರಗಿಹೋಗುತ್ತದೆ ಎಂಬುದನ್ನು ಮೊದಲೇ ತಿಳಿಯಬಹುದು. ದೊಡ್ಡದರ ಕೆ.ಜಿ. ಬೆಲೆಯನ್ನು ಚಿಕ್ಕದರ ಕೆ.ಜಿ. ಬೆಲೆಯಿಂದ ಭಾಗಿಸಿ, ಬಂದದ್ದನ್ನು ಒಂದರಿಂದ ಕಳೆಯಬೇಕು. ಟಿನ್ನಿಗೆ 160ನ್ನು 167ರಿಂದ ಭಾಗಿಸಿ ಒಂದರಿಂದ ಕಳೆದರೆ ಶೇ. 4.2 ಬರುತ್ತದೆ, 15 ಕೆ.ಜಿ.ಯಲ್ಲಿ ಅದು ಸುಮಾರು 630 ಗ್ರಾಂ. ಅಂದರೆ ತಳದಲ್ಲಿ ಕಮಟಿದ್ದು, ಬಗ್ಗಿಸುವಾಗ ಚೆಲ್ಲಿದ್ದು, ಟಿನ್ನಿನ ಒಳಮೈಗೆ ಅಂಟಿ ಉಳಿದದ್ದು ಎಲ್ಲ ಸೇರಿ ಮುಕ್ಕಾಲು ಲೀಟರಿನಷ್ಟಾದರೆ ಆರು ತಿಂಗಳ ಉಳಿತಾಯ ಸೊನ್ನೆ. ಕ್ಯಾನಿಗೆ ಈ ಮಿತಿ ಇನ್ನೂ ಕಿರಿದು, ಶೇ. 2ರಷ್ಟು, ಅಂದರೆ ಸುಮಾರು 90 ಗ್ರಾಂ. ಚಿಕ್ಕ ಬಟ್ಟಲಿನಷ್ಟು ಎಣ್ಣೆ. ಡಬ್ಬಿಯಲ್ಲಿ ಎಣ್ಣೆ ತುಂಬಿ ಕಂಡಾಗ ಒಗ್ಗರಣೆಗೆ ಕೈ ಧಾರಾಳವಾಗುವುದನ್ನೂ ಇದೇ ಲೆಕ್ಕದಲ್ಲಿ ಸೇರಿಸಬೇಕು. ಹಾಗೆ ಹೆಚ್ಚಾಗಿ ಬಿದ್ದದ್ದೂ ಹಾಳಾದದ್ದರಷ್ಟೇ ಬೆಲೆಯುಳ್ಳದ್ದು.

ಹೀಗಾಗಿ ಒಂದೇ ಪಟ್ಟಿಯಿಂದ ಬೇರೆ ಬೇರೆ ಮನೆಗಳಿಗೆ ಬೇರೆ ಬೇರೆ ಉತ್ತರ ಬರುತ್ತದೆ. ತಿಂಗಳಿಗೆ ಅರ್ಧ ಲೀಟರ್ ಬಳಸುವ ಒಬ್ಬರೇ ಇರುವವರಿಗೆ ಲೀಟರಿನ ಪ್ಯಾಕೆಟ್ಟೇ ಎರಡು ತಿಂಗಳು ಬರುತ್ತದೆ, ಅದಕ್ಕಿಂತ ದೊಡ್ಡದರ ಯೋಚನೆ ಬೇಡ. ಕೈಯಲ್ಲಿ ಆ ದಿನದ ದುಡ್ಡಷ್ಟೇ ಇರುವವರು ಅರ್ಧ ಲೀಟರಿನದನ್ನು 79 ರೂಪಾಯಿಗೆ ಕೊಂಡರೆ ಲೀಟರಿಗೆ 6 ರೂಪಾಯಿ ಹೆಚ್ಚು ಕೊಟ್ಟಂತಾಗುತ್ತದೆ. ವಾರದ ಕೂಲಿಯಲ್ಲಿ ಅಕ್ಕಿಗೂ ದುಡ್ಡು ಉಳಿಯಬೇಕಾದಾಗ ಆ ಆರು ರೂಪಾಯಿಯನ್ನು ದುಂದು ಎನ್ನಲು ನನಗೆ ಮನಸ್ಸಿಲ್ಲ. ಆದರೂ ಎರಡು ಸಲದ ದುಡ್ಡನ್ನು ಒಮ್ಮೆ ಕೂಡಿಸಿ ಲೀಟರಿನದಕ್ಕೆ ದಾಟಲು ಸಾಧ್ಯವಾದರೆ, ಆಮೇಲಿನ ಪ್ರತಿ ಲೀಟರಿಗೂ ಆ ವ್ಯತ್ಯಾಸ ಉಳಿಯುತ್ತದೆ.

ಮೆಸ್ ನಡೆಸುವವರಿಗೂ ದಿನವೂ ಕರಿಯುವ ಕೆಲಸವಿರುವವರಿಗೂ ಪ್ರಶ್ನೆಯೇ ಇಲ್ಲ. ವಾರಕ್ಕೊಂದು ಟಿನ್ ಖಾಲಿಯಾಗುವ ಕಡೆ ಎಣ್ಣೆ ಕಮಟಲು ಸಮಯವೇ ಸಿಗುವುದಿಲ್ಲ, ಉಳಿಯುವ 105 ರೂಪಾಯಿ ವಾರವಾರವೂ ಉಳಿಯುತ್ತದೆ, ಖಾಲಿ ಟಿನ್ನಿಗೆ ಸಿಗುವ ದುಡ್ಡನ್ನೂ ಬೆಲೆಯಲ್ಲಿ ಕಳೆಯಬಹುದು. ಅವರು ನೋಡಬೇಕಾದದ್ದು ಅದು ಕೆ.ಜಿ. ಟಿನ್ನೋ ಲೀಟರ್ ಟಿನ್ನೋ ಎಂಬುದನ್ನು ಮಾತ್ರ. ಅಕ್ಕಪಕ್ಕದ ಅಥವಾ ನೆಂಟರ ಮೂರು ಮನೆಗಳು ಕೂಡಿ ಒಂದು ಕೆ.ಜಿ. ಟಿನ್ ತಂದು ಐದೈದು ಕೆ.ಜಿ. ತೂಗಿ ಹಂಚಿಕೊಳ್ಳುವುದೂ ಒಳ್ಳೆಯ ದಾರಿ: 160ರ ದರ ಸಿಗುತ್ತದೆ, ಒಂದೊಂದು ಮನೆಗೆ 800 ರೂಪಾಯಿ ಸಾಕು, ಎಣ್ಣೆ ಎರಡು ತಿಂಗಳ ಆಸುಪಾಸಿನಲ್ಲಿ ಮುಗಿಯುತ್ತದೆ. ಹಂಚುವಾಗ ಲೀಟರ್ ಪಾತ್ರೆಯಿಂದ ಅಳೆಯದೆ ತಕ್ಕಡಿಯಲ್ಲೇ ತೂಗಬೇಕು.

ಬೆಲೆ ಏರೀತು ಎಂದು ಟಿನ್ ಕೂಡಿಡುವವರಿದ್ದಾರೆ. ಭಾರತ ಅಡುಗೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಪಾಲನ್ನು ಹೊರಗಿನಿಂದ ತರಿಸಿಕೊಳ್ಳುವುದರಿಂದ, 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಸೂರ್ಯಕಾಂತಿ ಎಣ್ಣೆಯ ಬೆಲೆ ಇಲ್ಲಿಯೂ ಏರಿತ್ತು. ಆಮೇಲೆ ಇಳಿಯಿತು ಕೂಡ. ಏರಿದಾಗ ಕೂಡಿಟ್ಟವರು ಇಳಿಯುವಾಗ ಹಳೆಯ ಬೆಲೆಯ ಎಣ್ಣೆಯನ್ನೇ ಬಳಸುತ್ತಿದ್ದರು. ಅದನ್ನು ಲಾಭದ ಲೆಕ್ಕಕ್ಕೆ ಸೇರಿಸದಿರುವುದೇ ಮೇಲು.

ನಮ್ಮ ಉದಾಹರಣೆಯ ನಾಲ್ಕು ಜನರ ಮನೆಗೆ ನನ್ನ ಆಯ್ಕೆ ಲೀಟರಿನ ಪ್ಯಾಕೆಟ್. ಅದಕ್ಕೆ ಒಂದು ಅಂಕಿಯನ್ನು ಗುರುತು ಹಾಕಿಕೊಂಡಿರಬೇಕು. ಟಿನ್ನಿನ ದರವಾದ 160ನ್ನು 0.91ರಿಂದ ಗುಣಿಸಿದರೆ 145 ರೂಪಾಯಿ 60 ಪೈಸೆ ಬರುತ್ತದೆ. ಅಂದರೆ ಲೀಟರಿನ ಪ್ಯಾಕೆಟ್ 145ಕ್ಕೆ ಸಿಕ್ಕ ದಿನ ಅದು ಟಿನ್ನಿಗಿಂತಲೂ ಅಗ್ಗ, ಅದೂ ಒಂದೊಂದೇ ಒಡೆಯುವಂತೆ ಮುಚ್ಚಿದ ಸ್ಥಿತಿಯಲ್ಲಿ. ದಿನಸಿ ಚೀಟಿಯ ಮೇಲ್ತುದಿಯಲ್ಲಿ 145 ಎಂದು ಬರೆದುಕೊಂಡು ಹೋಗಿ, ಆ ಬೆಲೆ ಕಂಡ ದಿನ ಎರಡು ತಿಂಗಳಿಗಾಗುವಷ್ಟು, ಅಂದರೆ ಐದು ಪ್ಯಾಕೆಟ್ ತನ್ನಿ. ಕಾಣದ ದಿನ ಆ ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ತನ್ನಿ. ಟಿನ್ನಿನ ಬೆಲೆ ಬದಲಾದಾಗ ಆ ಅಂಕಿಯನ್ನು ಮತ್ತೊಮ್ಮೆ ಗುಣಿಸಿ ತಿದ್ದಿಕೊಳ್ಳಿ.